ತಲೆಗೆ ಪೆಟ್ಟು: ಬಿಗಿಯಾದ ಮೈದಾನ, ಸಡಿಲವಾದ ವಿಶ್ರಾಂತಿ

2019ರ ಆಗಸ್ಟ್ 17ರಂದು ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಅವರ ಬೌನ್ಸರ್ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. 80 ರನ್ ಮಾಡಿದ್ದ ಸ್ಮಿತ್ ಅಲ್ಲೇ ಬಿದ್ದರು. ತಂಡದ ವೈದ್ಯರು ಹೊರಗೆ ಕರೆದೊಯ್ದು ಪರೀಕ್ಷೆ ಮಾಡಿದರು, ಸ್ಮಿತ್ ಪಾಸಾದರು, ಮತ್ತೆ ಬ್ಯಾಟ್ ಹಿಡಿದು ಬಂದು 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ಎದ್ದಾಗ ತಲೆನೋವು, ಮಂಕು. ಅವರ ಜಾಗಕ್ಕೆ ಮಾರ್ನಸ್ ಲಬುಶೇನ್ ಬಂದರು. ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್ಕಷನ್ ಬದಲಿ ಆಟಗಾರ ಅವರೇ. ಆ ನಿಯಮ ಜಾರಿಯಾಗಿ ಆಗಿನ್ನೂ ಮೂರು ವಾರ ಕೂಡ ತುಂಬಿರಲಿಲ್ಲ.

ವೈದ್ಯರಿದ್ದು, ಉಪಕರಣವಿದ್ದು, ಪರೀಕ್ಷೆಯೂ ನಡೆದು, ಅಂದು ಕಾಣದ ಗಾಯ ಮರುದಿನ ಕಂಡಿತು. ಹಾಗಾದರೆ ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯದಲ್ಲಿ ಸೀಟಿ ಹಿಡಿದು ನಿಂತ ದೈಹಿಕ ಶಿಕ್ಷಕರು ಏನು ಮಾಡಬೇಕು? ಕಳೆದ ನಾಲ್ಕು ದಶಕಗಳಲ್ಲಿ ಈ ಕ್ಷೇತ್ರ ಇದಕ್ಕೆ ಕೊಡುತ್ತಾ ಬಂದ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೈದಾನದ ನಿಯಮ ವರ್ಷದಿಂದ ವರ್ಷಕ್ಕೆ ಬಿಗಿಯಾಗಿದೆ, ಮನೆಯಲ್ಲಿ ಮಲಗುವ ನಿಯಮ ಮಾತ್ರ ಸಡಿಲವಾಗುತ್ತಾ ಹೋಗಿದೆ.

ಮೊದಮೊದಲು ಕನ್ಕಷನ್ ಅನ್ನು ದರ್ಜೆಗಳಾಗಿ ಹಂಚುತ್ತಿದ್ದರು. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 1997ರಲ್ಲಿ ಕೊಟ್ಟ ಸೂತ್ರ ಹೀಗಿತ್ತು: ಪ್ರಜ್ಞೆ ತಪ್ಪದೆ, ಗೊಂದಲ 15 ನಿಮಿಷದೊಳಗೆ ಇಳಿದರೆ ಒಂದನೇ ದರ್ಜೆ, ಆಟಗಾರ ಅದೇ ಪಂದ್ಯಕ್ಕೆ ಮರಳಬಹುದು. 15 ನಿಮಿಷ ಮೀರಿದರೆ ಎರಡನೆಯದು. ಪ್ರಜ್ಞೆ ತಪ್ಪಿದರೆ ಮೂರನೆಯದು. ಕೋಚ್‌ಗಳಿಗೆ ಇದು ಹಿಡಿಸಿತು, ಗಡಿಯಾರ ನೋಡಿದರೆ ಸಾಕಿತ್ತಲ್ಲ! ಆದರೆ ಕನ್ಕಷನ್ ಆದವರಲ್ಲಿ ಪ್ರಜ್ಞೆ ತಪ್ಪುವವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉಳಿದವರು ಎದ್ದು ನಿಲ್ಲುತ್ತಾರೆ, ಮಾತಾಡುತ್ತಾರೆ, 'ಏನೂ ಆಗಿಲ್ಲ ಸಾರ್' ಅನ್ನುತ್ತಾರೆ.

ಆ 15 ನಿಮಿಷ ಏಕೆ ಮೋಸ ಮಾಡುತ್ತದೆ ಎಂಬುದನ್ನು ಕ್ರಿಸ್ಟೋಫರ್ ಗಿಜಾ ಮತ್ತು ಡೇವಿಡ್ ಹೊವ್ಡಾ 2001ರಲ್ಲಿ ಬಿಡಿಸಿ ಹೇಳಿದರು. ತಲೆ ರಭಸದಿಂದ ಅಲುಗಿದಾಗ ಮಿದುಳಿನ ಕೋಶಗಳ ಪೊರೆ ಸಡಿಲಗೊಂಡು ಪೊಟ್ಯಾಸಿಯಂ ಹೊರಕ್ಕೂ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತವೆ. ಅವನ್ನು ಸ್ವಸ್ಥಾನಕ್ಕೆ ತರಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು, ಅದೇ ಹೊತ್ತಿಗೆ ಮಿದುಳಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ. ಬೇಡಿಕೆಗೂ ಪೂರೈಕೆಗೂ ನಡುವಿನ ಈ ಅಂತರ ದಿನಗಟ್ಟಲೆ ಉಳಿಯುತ್ತದೆ. ಗೊಂದಲ ಕಾಲು ಗಂಟೆಯಲ್ಲಿ ಇಳಿದಿರಬಹುದು, ಕೋಶದೊಳಗಿನ ಕೊರತೆ ಇಳಿದಿರುವುದಿಲ್ಲ. ಆ ಅವಧಿಯಲ್ಲಿ ಬಿದ್ದ ಎರಡನೇ ಪೆಟ್ಟು ಚಿಕ್ಕದಾದರೂ ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಈ ಕೊರತೆ ರಚನೆಯದಲ್ಲ, ಕೆಲಸದ್ದು. ಹಾಗಾಗಿ ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ. 'ಸ್ಕ್ಯಾನ್ ನಾರ್ಮಲ್ ಬಂದಿದೆ, ನಾಳೆ ಆಡಲಿ ಬಿಡಿ' ಎನ್ನುವ ಪೋಷಕರಿಗೆ ಇದನ್ನು ತಾಳ್ಮೆಯಿಂದ ಹೇಳಬೇಕಾಗುತ್ತದೆ. ಸ್ಕ್ಯಾನ್ ಮಾಡಿಸುವುದು ತಲೆಬುರುಡೆಯೊಳಗೆ ರಕ್ತಸ್ರಾವ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು, ಕನ್ಕಷನ್ ಇಲ್ಲವೆಂದು ಸಾಬೀತು ಮಾಡಲು ಅಲ್ಲ.

ಅದೇ 2001ರಲ್ಲಿ ವಿಯೆನ್ನಾದಲ್ಲಿ ತಜ್ಞರು ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಸಿದರು. ಮುಂದೆ ಪ್ರಾಗ್, ಎರಡು ಬಾರಿ ಜ್ಯೂರಿಚ್, ಬರ್ಲಿನ್, 2022ರಲ್ಲಿ ಆಮ್‌ಸ್ಟರ್‌ಡ್ಯಾಮ್. ದರ್ಜೆಗಳು ಒಂದೊಂದಾಗಿ ಬಿದ್ದುಹೋದವು. 2008ರ ಜ್ಯೂರಿಚ್ ಹೇಳಿಕೆಯಲ್ಲೂ ವಯಸ್ಕ ವೃತ್ತಿಪರರಿಗೆ ಅದೇ ದಿನ ಮರಳುವ ಒಂದು ಸಣ್ಣ ಕಿಂಡಿ ಉಳಿದಿತ್ತು. 2012ರಲ್ಲಿ ಅದೂ ಮುಚ್ಚಿತು.

ಕಾನೂನನ್ನು ಅಲುಗಾಡಿಸಿದ್ದು ಸಮಾವೇಶಗಳಲ್ಲ, ಒಬ್ಬ ಹುಡುಗ. 2006ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಜ್ಯಾಕರಿ ಲಿಸ್ಟೆಡ್ ಶಾಲಾ ಫುಟ್‌ಬಾಲ್ ಪಂದ್ಯದ ಮೊದಲರ್ಧದ ಕೊನೆಗೆ ತಲೆ ಬಡಿದುಕೊಂಡ. ಸ್ವಲ್ಪ ಹೊತ್ತು ಕೂತು, ದ್ವಿತೀಯಾರ್ಧಕ್ಕೆ ಮರಳಿ ಆಡಿದ. ಪಂದ್ಯ ಮುಗಿದ ಮೇಲೆ ಕುಸಿದುಬಿದ್ದ. ಮಿದುಳಿನ ಬಾವಿನಿಂದ ಅವನನ್ನು ಉಳಿಸಲು ವೈದ್ಯರು ತಲೆಬುರುಡೆಯ ಎರಡೂ ಬದಿಯ ಮೂಳೆ ತೆಗೆಯಬೇಕಾಯಿತು. ಬದುಕಿದ, ಆದರೆ ಮಾತು ಮತ್ತು ನಡಿಗೆಯನ್ನು ಮತ್ತೆ ಕಲಿಯಲು ವರ್ಷಗಳೇ ಹಿಡಿದವು. 2009ರ ಮೇ ತಿಂಗಳಲ್ಲಿ ಅವನ ಹೆಸರಿನ ಕಾಯಿದೆ ಬಂತು: ಕನ್ಕಷನ್ ಅನುಮಾನ ಬಂದರೆ ಮಗುವನ್ನು ಆಗಲೇ ಹೊರಗೆ ಕರೆಯಬೇಕು, ಪರವಾನಗಿ ಇರುವ ವೈದ್ಯಕೀಯ ಸಿಬ್ಬಂದಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ಆಡಿಸಬಾರದು. ಮುಂದಿನ ಐದು ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ಈ ಬಗೆಯ ಕಾಯಿದೆ ಮಾಡಿದವು.

ಇಲ್ಲಿ ಗಮನಿಸಬೇಕಾದ ಪದ 'ಅನುಮಾನ'. ಕೋಚ್ ರೋಗನಿರ್ಣಯ ಮಾಡಬೇಕಿಲ್ಲ, ಅನುಮಾನಪಟ್ಟರೆ ಸಾಕು. ಹಳೆಯ ಸೂತ್ರ ಅವರಿಂದ ತೀರ್ಪು ಕೇಳುತ್ತಿತ್ತು, ಹೊಸದು ಕಣ್ಣನ್ನು ಮಾತ್ರ ಕೇಳುತ್ತದೆ. ನನಗೆ ಇದು ಈ ಕ್ಷೇತ್ರದ ಅತ್ಯಂತ ಜಾಣ ನಡೆ ಎನಿಸುತ್ತದೆ. ಸ್ಕೋರು 28-28 ಆಗಿರುವಾಗ ತನ್ನ ಒಳ್ಳೆಯ ರೈಡರ್ ಬಗ್ಗೆ ತಾನೇ ತೀರ್ಪು ಕೊಡುವ ಕೋಚ್‌ಗೆ ನಿಷ್ಪಕ್ಷಪಾತ ಎಲ್ಲಿಂದ ಬರಬೇಕು?

ಅನುಮಾನ ಹುಟ್ಟಿಸುವ ಚಿಹ್ನೆಗಳಲ್ಲಿ ಕೆಲವು ಹೊರಗಿನಿಂದಲೇ ಕಾಣುತ್ತವೆ. ಬಿದ್ದವನು ಒಂದು ಕ್ಷಣ ಅಲುಗದೆ ಮಲಗುವುದು, ನಿಧಾನವಾಗಿ ಏಳುವುದು, ಎದ್ದು ಎರಡು ಹೆಜ್ಜೆ ತೂರಾಡುವುದು, ಕಣ್ಣು ಶೂನ್ಯದಲ್ಲಿ ನೆಡುವುದು, ಎದುರಾಳಿಯ ಅಂಕಣದ ಕಡೆಗೆ ತನ್ನದೆಂದು ನಡೆಯುವುದು. ಮತ್ತೆ ಕೆಲವನ್ನು ಹುಡುಗ ತಾನೇ ಹೇಳಬೇಕು: ತಲೆನೋವು, ವಾಕರಿಕೆ, ಮಬ್ಬುದೃಷ್ಟಿ, ಬೆಳಕು ಚುಚ್ಚುವುದು, ಅಥವಾ ಬರೀ 'ಏನೋ ಒಂಥರಾ ಆಗ್ತಿದೆ'. ತಲೆಗೇ ಪೆಟ್ಟು ಬೀಳಬೇಕೆಂದಿಲ್ಲ. ಚೈನ್ ಟ್ಯಾಕಲ್‌ನಲ್ಲಿ ಎದೆಗೆ ಬಿದ್ದ ಹೊಡೆತ ತಲೆಯನ್ನು ರಪ್ಪನೆ ಹಿಂದಕ್ಕೆ ಎಸೆದರೂ ಸಾಕು.

ಕೇಳುವ ಪ್ರಶ್ನೆಯಲ್ಲೂ ಒಂದು ಕಲಿಕೆ ಇದೆ. 'ನಿನ್ನ ಹೆಸರೇನು, ಇವತ್ತು ಯಾವ ವಾರ' ಎಂದು ಕೇಳುವುದು ರೂಢಿ. ಆಸ್ಟ್ರೇಲಿಯಾದಲ್ಲಿ ಡೇವಿಡ್ ಮ್ಯಾಡಾಕ್ಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ಕಷನ್ ಆದವರೂ ಹೆಸರು, ಹುಟ್ಟಿದ ದಿನಾಂಕಗಳನ್ನು ಸರಿಯಾಗಿಯೇ ಹೇಳುತ್ತಾರೆ. ತಡವರಿಸುವುದು ಇತ್ತೀಚಿನ ನೆನಪಿನಲ್ಲಿ. ಹಾಗಾಗಿ ನಮ್ಮ ಅಂಕಣದ ಪಕ್ಕದಲ್ಲಿ ಕೇಳಬೇಕಾದ್ದು: ನಾವೀಗ ಯಾವ ಊರಲ್ಲಿ ಆಡುತ್ತಿದ್ದೇವೆ? ಇದು ಮೊದಲರ್ಧವೋ ಎರಡನೆಯದೋ? ಕೊನೆಯ ಪಾಯಿಂಟ್ ತಂದವರು ಯಾರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದೆವು, ಗೆದ್ದೆವಾ? ಒಂದಕ್ಕೆ ತಪ್ಪಿದರೂ ಆ ದಿನದ ಆಟ ಮುಗಿಯಿತು. ಎಲ್ಲಕ್ಕೂ ಸರಿಯುತ್ತರ ಬಂದಿತೆಂದು ಮಾತ್ರ ಒಳಗೆ ಕಳಿಸಬಾರದು. ಸ್ಮಿತ್ ಪ್ರಸಂಗ ಹೇಳುವುದು ಇದನ್ನೇ.

ಲಕ್ಷಣ ತಡವಾಗಿ ಬರುವುದಕ್ಕೆ ನಮ್ಮವರ ಉದಾಹರಣೆಯೂ ಇದೆ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾ ಟಿ20ಯ ಕೊನೆಯ ಓವರ್‌ನಲ್ಲಿ ರವೀಂದ್ರ ಜಡೇಜ ಹೆಲ್ಮೆಟ್‌ಗೆ ಚೆಂಡು ಬಡಿದ ಮೇಲೂ ಆಟ ಮುಂದುವರಿಸಿದರು. ಇನಿಂಗ್ಸ್ ವಿರಾಮದಲ್ಲಿ ತಲೆಸುತ್ತು ಕಾಣಿಸಿ, ಯಜುವೇಂದ್ರ ಚಹಲ್ ಬದಲಿಯಾಗಿ ಬಂದು ಮೂರು ವಿಕೆಟ್ ತೆಗೆದರು. ಅಂದು ಚರ್ಚೆಯಾದದ್ದು ಬದಲಿ ನ್ಯಾಯವೋ ಅನ್ಯಾಯವೋ ಎಂದು. ಚೆಂಡು ಬಡಿದ ಕೂಡಲೇ ಫಿಸಿಯೋ ಒಳಗೆ ಬರಲಿಲ್ಲವೇಕೆ ಎಂದು ಕೇಳಿದವರು ಕಡಿಮೆ. ಮರುವರ್ಷ ಟ್ರೆಂಟ್‌ಬ್ರಿಜ್ ನೆಟ್ಸ್‌ನಲ್ಲಿ ಮೊಹಮ್ಮದ್ ಸಿರಾಜ್ ಎಸೆತ ನಮ್ಮ ಮಯಾಂಕ್ ಅಗರ್ವಾಲ್ ಅವರ ಹೆಲ್ಮೆಟ್‌ಗೆ ಬಡಿದಾಗ ಅವರನ್ನು ಟೆಸ್ಟ್‌ನಿಂದಲೇ ಹೊರಗಿಟ್ಟರು. ಇನಿಂಗ್ಸ್ ಆರಂಭಿಸಿದ ಕೆ.ಎಲ್. ರಾಹುಲ್ 84 ಹೊಡೆದರು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯಲಾರದು.

ಹೊರಗೆ ಕೂರಿಸಿದರೆ ನಷ್ಟವೇನು ಎಂಬ ಲೆಕ್ಕ 2016ರಲ್ಲಿ ಸಿಕ್ಕಿತು. ಅಮೆರಿಕದ ಹದಿಹರೆಯದ ಆಟಗಾರರ ಒಂದು ಅಧ್ಯಯನದಲ್ಲಿ ಪೆಟ್ಟು ಬಿದ್ದೊಡನೆ ಹೊರಬಂದವರು ಸರಾಸರಿ 22 ದಿನದಲ್ಲಿ ಚೇತರಿಸಿಕೊಂಡರೆ, ಆಟ ಮುಂದುವರಿಸಿದವರಿಗೆ 44 ದಿನ ಹಿಡಿಯಿತು. ಅರ್ಧ ಪಂದ್ಯ ಉಳಿಸಲು ಹೋಗಿ ಮೂರು ವಾರ ಕಳೆದುಕೊಂಡಂತೆ.

ಕೆಲವು ಸಂದರ್ಭಗಳಲ್ಲಿ ಹೊರಗೆ ಕೂರಿಸುವುದೂ ಸಾಲದು, ನೇರ 108ಕ್ಕೆ ಕರೆ ಮಾಡಬೇಕು. ಕತ್ತಿನ ನೋವು, ಫಿಟ್ಸ್, ವಾಂತಿ, ಹೆಚ್ಚುತ್ತಲೇ ಇರುವ ತಲೆನೋವು, ಎರಡೆರಡು ಕಾಣುವುದು, ಕೈಕಾಲಿನ ಶಕ್ತಿ ಕುಂದುವುದು ಅಥವಾ ಜುಮುಗುಡುವುದು, ಪ್ರಜ್ಞೆ ತಪ್ಪುವುದು, ಮೊದಲು ಸರಿಯಾಗಿದ್ದವನು ಮಂಕಾಗುತ್ತಾ ಅಥವಾ ರೇಗುತ್ತಾ ಹೋಗುವುದು. ಕತ್ತು ನೋಯುತ್ತಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ನಾಲ್ಕು ಜನ ಸೇರಿ ಎತ್ತಿ ಪಕ್ಕಕ್ಕೆ ಮಲಗಿಸುವ ನಮ್ಮ ಅಭ್ಯಾಸ ಅಪಾಯಕಾರಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಇದ್ದಲ್ಲೇ ಬಿಡಬೇಕು, ತಲೆ ಅಲುಗದಂತೆ ನೋಡಿಕೊಳ್ಳಬೇಕು. ಉಳಿದವರನ್ನೂ ಮೊದಲ ಕೆಲವು ಗಂಟೆ ಒಂಟಿಯಾಗಿ ಬಿಡಬಾರದು, ಬೈಕಿನಲ್ಲಿ ನೀನೇ ಮನೆಗೆ ಹೋಗು ಎನ್ನಲೂಬಾರದು.

ಇನ್ನು ಮನೆಯ ಕಥೆ. ಬಹುಕಾಲ ವೈದ್ಯರು ಹೇಳುತ್ತಿದ್ದದ್ದು ಲಕ್ಷಣವೆಲ್ಲ ಹೋಗುವವರೆಗೆ ಕತ್ತಲ ಕೋಣೆ, ಸಂಪೂರ್ಣ ವಿಶ್ರಾಂತಿ. 2015ರಲ್ಲಿ ಡ್ಯಾನಿ ಥಾಮಸ್ ಮತ್ತು ಸಂಗಡಿಗರ ಅಧ್ಯಯನ ಇದನ್ನು ಅಲುಗಾಡಿಸಿತು. ಐದು ದಿನ ಕಟ್ಟುನಿಟ್ಟಾಗಿ ಮಲಗಿದ ಮಕ್ಕಳು ಒಂದೆರಡು ದಿನ ವಿರಮಿಸಿದವರಿಗಿಂತ ಹೆಚ್ಚು ಲಕ್ಷಣಗಳನ್ನು ಹೇಳಿಕೊಂಡರು. 2019ರಲ್ಲಿ ಜಾನ್ ಲೆಡ್ಡಿ ತಂಡ ಇನ್ನೂ ಮುಂದೆ ಹೋಯಿತು: ಬೇಗನೆ ಹಗುರ ಏರೋಬಿಕ್ ವ್ಯಾಯಾಮ ಶುರುಮಾಡಿದವರು 13 ದಿನದಲ್ಲಿ, ಬರೀ ಸ್ಟ್ರೆಚಿಂಗ್ ಮಾಡಿದವರು 17 ದಿನದಲ್ಲಿ ಗುಣಮುಖರಾದರು. ಆಮ್‌ಸ್ಟರ್‌ಡ್ಯಾಮ್ ಹೇಳಿಕೆ ಈಗ ಕೇಳುವುದು ಮೊದಲ 24ರಿಂದ 48 ಗಂಟೆಯ ಸಾಪೇಕ್ಷ ವಿಶ್ರಾಂತಿ, ಅಷ್ಟೇ.

ಹದಿನಾರರ ಒಬ್ಬ ಕಬಡ್ಡಿ ರೈಡರ್ ಭಾನುವಾರ ಪೆಟ್ಟು ತಿಂದ ಎಂದಿಟ್ಟುಕೊಳ್ಳಿ. ಸೋಮವಾರ, ಮಂಗಳವಾರ ಮೊದಲ ಹಂತ: ಮನೆಯಲ್ಲಿ ನಡೆದಾಡಲಿ, ಊಟ ಮಾಡಲಿ, ಮೊಬೈಲ್ ಕಡಿಮೆ ಇರಲಿ. ಬುಧವಾರದಿಂದ ಎರಡನೇ ಹಂತ: ಚುರುಕು ನಡಿಗೆ ಅಥವಾ ನಿಧಾನ ಸೈಕಲ್, ಹೃದಯ ಬಡಿತ ತನ್ನ ಗರಿಷ್ಠದ ಅರ್ಧಕ್ಕಿಂತ ತುಸು ಮೇಲೆ. ತಡೆದುಕೊಂಡರೆ ಮರುದಿನ ಶೇ 70ರವರೆಗೆ, ಅಂದರೆ ಓಡುತ್ತಾ ಪೂರ್ತಿ ವಾಕ್ಯ ಹೇಳಲು ಸ್ವಲ್ಪ ಕಷ್ಟವಾಗುವಷ್ಟು. ಹತ್ತರ ಅಳತೆಯಲ್ಲಿ ತಲೆನೋವು ಎರಡಕ್ಕಿಂತ ಹೆಚ್ಚು ಏರಿದರೆ, ಅಥವಾ ಏರಿದ್ದು ಒಂದು ಗಂಟೆಯೊಳಗೆ ಇಳಿಯದಿದ್ದರೆ ನಿಲ್ಲಿಸಿ, ಮರುದಿನ ಮತ್ತೆ ಪ್ರಯತ್ನಿಸಬೇಕು. ಸ್ವಲ್ಪ ಏರಿಳಿದರೆ ಹೆದರಬೇಕಿಲ್ಲ, ಇದೂ ಹೊಸ ಸಡಿಲಿಕೆಯೇ. ಮೂರನೇ ಹಂತದಲ್ಲಿ ಒಬ್ಬನೇ ಕಾಲ್ಚಳಕ, ಬೋನಸ್ ಗೆರೆಯ ಓಟ, ಆದರೆ ಯಾರೂ ಹಿಡಿಯಬಾರದು.

ಇಲ್ಲಿಯವರೆಗೆ ಅಲ್ಪಸ್ವಲ್ಪ ಲಕ್ಷಣ ಇದ್ದರೂ ನಡೆಯುತ್ತದೆ. ನಾಲ್ಕನೇ ಹಂತಕ್ಕೆ ಮುನ್ನ ಒಂದು ಬಾಗಿಲಿದೆ: ಲಕ್ಷಣ ಪೂರ್ತಿ ಹೋಗಿರಬೇಕು, ವೈದ್ಯರು ಒಪ್ಪಿರಬೇಕು, ಅಷ್ಟರಲ್ಲಿ ತರಗತಿಯ ಪಾಠಕ್ಕೆ ತೊಂದರೆಯಿಲ್ಲದೆ ಮರಳಿರಬೇಕು. ಆಮೇಲೆ ತಂಡದ ಜೊತೆ ಹಿಡಿತವಿಲ್ಲದ ಅಭ್ಯಾಸ, ನಂತರ ಪೂರ್ಣ ಹಿಡಿತದ ಅಭ್ಯಾಸ, ಕೊನೆಗೆ ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ. ಈ ಹಂತಗಳಲ್ಲಿ ತಲೆನೋವು ಮರಳಿದರೆ ಮೂರನೇ ಹಂತಕ್ಕೇ ವಾಪಸು. ಬ್ರಿಟನ್ 2023ರಲ್ಲಿ ತಳಮಟ್ಟದ ಕ್ರೀಡೆಗೆಂದು ಹೊರಡಿಸಿದ ಮಾರ್ಗಸೂಚಿ ಇನ್ನೂ ಜಾಗರೂಕ: ಹಿಡಿತದ ಅಭ್ಯಾಸಕ್ಕೆ ಮೊದಲು 14 ದಿನ ಲಕ್ಷಣವೇ ಇರಬಾರದು, 21 ದಿನಕ್ಕೆ ಮುನ್ನ ಪಂದ್ಯವಿಲ್ಲ. ಪಕ್ಕದಲ್ಲಿ ಕ್ರೀಡಾ ವೈದ್ಯರಿಲ್ಲದ ನಮ್ಮ ಶಾಲೆಗಳಿಗೆ ಹೊಂದುವುದು ಇದೇ ಎಂದು ನನ್ನ ಅಭಿಪ್ರಾಯ. ದಿನ ಎಣಿಸಲು ತಜ್ಞತೆ ಬೇಕಿಲ್ಲ.

ಆ ಬಾಗಿಲಿನ ಬಳಿ ನಮ್ಮಲ್ಲಿ ಎಡವುವುದು ಬೇರೆ ಕಾರಣಕ್ಕೆ. ಹುಡುಗ ವೈದ್ಯರ ಮುಂದೆ ನಿಲ್ಲುವ ಹೊತ್ತಿಗೆ ಸರಿಯಾಗಿಯೇ ಕಾಣುತ್ತಾನೆ, ಮೈದಾನದಲ್ಲಿ ಏನಾಯಿತೆಂದು ಅವನಿಗೇ ನೆನಪಿರುವುದಿಲ್ಲ. ಆದ್ದರಿಂದ ಕೋಚ್ ಅಂದೇ ಒಂದು ಚೀಟಿ ಬರೆದು ಮನೆಯವರ ಕೈಗೆ ಕೊಡಬೇಕು: ಪೆಟ್ಟು ಬಿದ್ದ ಸಮಯ, ಯಾವ ಬದಿಗೆ, ಮೊಣಕಾಲೋ ನೆಲವೋ, ಎದ್ದು ತೂರಾಡಿದನೇ, ಯಾವ ಪ್ರಶ್ನೆಗೆ ತಪ್ಪಿದ, ವಾಂತಿ ಆಯಿತೇ, ಹಿಂದೆ ಯಾವಾಗಲಾದರೂ ಹೀಗಾಗಿತ್ತೇ. ಕೊನೆಯ ಪ್ರಶ್ನೆಗೆ 'ಹೌದು' ಎಂಬ ಉತ್ತರ ಬಂದರೆ ವೈದ್ಯರು ಚೇತರಿಕೆಗೆ ಹೆಚ್ಚು ದಿನ ಕೊಡುವ ಸಾಧ್ಯತೆ ಇದೆ.