ಶಾಲಾ ಚೀಲದ ಆಯ್ಕೆ

ಶಾಲಾ ಚೀಲವು ಪುಸ್ತಕ, ಲೇಖನ ಸಾಮಗ್ರಿ, ಊಟದ ಡಬ್ಬಿ ಮತ್ತು ನೀರಿನ ಬಾಟಲಿಯನ್ನು ಮಕ್ಕಳು ಬೆನ್ನ ಮೇಲೆ ಹೊತ್ತೊಯ್ಯುವ ಸಾಧನವಾಗಿದೆ. ಭಾರತದ 2020ರ ಶಾಲಾ ಚೀಲ ನೀತಿಯ ಪ್ರಕಾರ ತುಂಬಿದ ಚೀಲದ ತೂಕವು ಮಗುವಿನ ದೇಹತೂಕದ ಶೇಕಡಾ 10ನ್ನು ಮೀರಬಾರದು. ಕರ್ನಾಟಕ ಸರ್ಕಾರದ 2019ರ ಆದೇಶವು 1 ಮತ್ತು 2ನೆಯ ತರಗತಿಗಳಿಗೆ 1.5ರಿಂದ 2 ಕಿಲೋಗ್ರಾಂ ಮಿತಿಯನ್ನು ನಿಗದಿಪಡಿಸಿದೆ.

ತೂಕದ ಲೆಕ್ಕ

20 ಕಿಲೋಗ್ರಾಂ ತೂಗುವ ಮಗು 2 ಕಿಲೋಗ್ರಾಂವರೆಗೆ ಹೊರಬಹುದು. ಖಾಲಿ ಚೀಲವೇ 700 ಗ್ರಾಂ, ಮುಕ್ಕಾಲು ಲೀಟರ್ ನೀರು ತುಂಬಿದ ಸ್ಟೀಲ್ ಬಾಟಲಿ 1 ಕಿಲೋಗ್ರಾಂ, ಊಟದ ಡಬ್ಬಿ 400 ಗ್ರಾಂ ಇದ್ದರೆ ಒಂದು ಪುಸ್ತಕವನ್ನೂ ಇಡುವ ಮೊದಲೇ ಮಿತಿ ದಾಟುತ್ತದೆ. 400 ಗ್ರಾಂನ ಚೀಲವನ್ನು ಆರಿಸಿ, ಬಾಟಲಿಯನ್ನು ಖಾಲಿಯಾಗಿ ಕಳುಹಿಸಿ ಶಾಲೆಯಲ್ಲಿ ಶುದ್ಧ ನೀರು ತುಂಬಿಸಿಕೊಂಡರೆ ಪುಸ್ತಕಗಳಿಗೆ ಸುಮಾರು 950 ಗ್ರಾಂ ಉಳಿಯುತ್ತದೆ. ಗಾಲಿಯುಳ್ಳ ಚೀಲಗಳು ಸ್ವತಃ ಭಾರವಾಗಿದ್ದು, ಮೆಟ್ಟಿಲುಗಳಲ್ಲಿ ಮಗುವೇ ಅವನ್ನು ಎತ್ತಬೇಕಾಗುತ್ತದೆ.

ರಚನೆ ಮತ್ತು ಬಾಳಿಕೆ

ಅಗಲವಾದ, ಮೆತ್ತೆಯುಳ್ಳ ಎರಡು ಪಟ್ಟಿಗಳು ಭಾರವನ್ನು ಎರಡೂ ಭುಜಗಳಿಗೆ ಹಂಚುತ್ತವೆ. ಭಾರವಾದ ಪುಸ್ತಕಗಳು ಬೆನ್ನಿಗೆ ಅಂಟಿಕೊಂಡಿರಬೇಕು. ಮಗು ಮುಂದಕ್ಕೆ ಬಾಗಿ ನಡೆಯುವುದು, ಭುಜದ ಮೇಲೆ ಕೆಂಪು ಗೆರೆ ಮೂಡುವುದು ಅತಿಭಾರದ ಲಕ್ಷಣಗಳು. ಚೀಲವು ಸಾಮಾನ್ಯವಾಗಿ ಪಟ್ಟಿ ಸೇರುವ ಹೊಲಿಗೆಯಲ್ಲಿ ಮೊದಲು ಹರಿಯುತ್ತದೆ. ಆದ್ದರಿಂದ ಕೊಳ್ಳುವಾಗ ಒಳಭಾಗವನ್ನು ತಿರುಗಿಸಿ, ಅಲ್ಲಿ ಎರಡೆಳೆ ಹೊಲಿಗೆ ಇದೆಯೇ ಎಂದು ನೋಡಬೇಕು.

ಲೇಖನ ಸಾಮಗ್ರಿ

ಹಣ್ಣು, ಮಿಠಾಯಿಗಳ ಆಕಾರದ ಸುವಾಸನೆಯ ರಬ್ಬರುಗಳನ್ನು ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಸಾಧ್ಯತೆಯಿದ್ದು, ತುಂಡು ಗಂಟಲಲ್ಲಿ ಸಿಲುಕಬಹುದು. ವಾಸನೆಯಿಲ್ಲದ, ದೊಡ್ಡ ಗಾತ್ರದ ಸಾದಾ ರಬ್ಬರು ಅವರಿಗೆ ಸೂಕ್ತ.