ಮಗ್ಗುಲಾದಾಗ ಸೊಂಟದ ಪಕ್ಕ ನೋವು: ಕೀಲು ಸವೆದಿದೆ ಎಂದೇ ಅರ್ಥವೇ?

ರಾತ್ರಿ ಬಲ ಮಗ್ಗುಲಿಗೆ ಮಲಗಿದರೆ ಸೊಂಟದ ಪಕ್ಕ ಚುಚ್ಚಿದಂತೆ ನೋವು, ಎಡಕ್ಕೆ ಹೊರಳಿದರೆ ಸ್ವಲ್ಪ ಆರಾಮ. ಇಂಥ ನೋವು ಬಂದ ತಕ್ಷಣ 'ಸೊಂಟದ ಕೀಲು ಸವೆದಿದೆ, ಆಪರೇಷನ್ನೇ ಗತಿ' ಎಂದು ಹೆದರುವವರು ಬಹಳ. ಆದರೆ ಈ ನೋವಿನ ಮೂಲ ಹೆಚ್ಚಾಗಿ ಕೀಲಿನಲ್ಲಿ ಇರುವುದೇ ಇಲ್ಲ.

ಸೊಂಟದ ಪಕ್ಕ ಕೈಯಿಟ್ಟರೆ ಗಟ್ಟಿಯಾಗಿ ಸಿಗುವುದು ತೊಡೆಮೂಳೆಯ ಉಬ್ಬು, ಟ್ರೋಕಾಂಟರ್. ಪೃಷ್ಠದ ಸ್ನಾಯುಗಳ ಟೆಂಡನ್‌ಗಳು ಇಲ್ಲಿ ಬಂದು ಅಂಟಿಕೊಳ್ಳುತ್ತವೆ. ಅವುಗಳ ಪಕ್ಕದಲ್ಲಿ ಬರ್ಸಾ ಎಂಬ ತೆಳು ದ್ರವದ ಚೀಲವಿದೆ. ಚೀಲ ಊದಿಕೊಂಡು ನೋವು ಬರುತ್ತದೆಂದು ಹಿಂದೆ ತಿಳಿದಿದ್ದರಿಂದ ಟ್ರೋಕಾಂಟರಿಕ್ ಬರ್ಸೈಟಿಸ್ ಎಂಬ ಹೆಸರು ಬಂತು. ಆದರೆ ಸ್ಕ್ಯಾನ್‌ಗಳಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಟೆಂಡನ್‌ನದು. 40 ದಾಟಿದ ಮಹಿಳೆಯರಲ್ಲಿ ಇದು ಹೆಚ್ಚು.

ನಿಜವಾದ ಸೊಂಟದ ಕೀಲು ಇರುವುದು ಒಳಗೆ, ತೊಡೆಸಂದಿನ ಆಳದಲ್ಲಿ. ಹಾಗಾಗಿ ಕೀಲು ಸವೆದಾಗ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಬರುತ್ತದೆ. ಕಾಲು ಬಿಗಿಯುತ್ತದೆ, ಚಕ್ಕಳಮಕ್ಕಳ ಹಾಕಿ ಕೂರಲು, ಬಗ್ಗಿ ಸಾಕ್ಸ್ ಹಾಕಲು ಕಷ್ಟವಾಗುತ್ತದೆ.

ಉದಾಹರಣೆಗೆ 52 ವರ್ಷದ ಒಬ್ಬ ಮಹಿಳೆ ಎಂದುಕೊಳ್ಳಿ. ಮಗ್ಗುಲಾದರೆ, ಮೆಟ್ಟಿಲು ಹತ್ತಿದರೆ ನೋವು. ಆದರೆ ಸಾಕ್ಸ್ ಸಲೀಸಾಗಿ ಹಾಕುತ್ತಾರೆ, ತೊಡೆಸಂದಿನಲ್ಲಿ ನೋವಿಲ್ಲ. ವೈದ್ಯರು ಆ ಉಬ್ಬನ್ನು ಒತ್ತಿದಾಗ 'ಅಯ್ಯೋ, ಅದೇ ಜಾಗ' ಎನ್ನುತ್ತಾರೆ. ಗೋಡೆಗೆ ಬೆರಳಿಟ್ಟು ನೋವಿರುವ ಕಾಲಿನ ಮೇಲೆ ಮಾತ್ರ ನಿಂತರೆ 30 ಸೆಕೆಂಡಿನೊಳಗೆ ಅದೇ ನೋವು ಮರುಕಳಿಸುತ್ತದೆ. ಇಷ್ಟೂ ಸೇರಿದರೆ ಅನುಮಾನ ಟೆಂಡನ್ ಮೇಲೆಯೇ. ಈ ವಯಸ್ಸಿನಲ್ಲಿ ನೋವಿಲ್ಲದವರ ಎಕ್ಸ್‌ರೇಯಲ್ಲೂ ಸ್ವಲ್ಪ ಸವೆತ ಕಾಣಬಹುದು. ಆದ್ದರಿಂದ ಎಕ್ಸ್‌ರೇ ಒಂದನ್ನೇ ನಂಬಿ ಕೀಲನ್ನು ದೂರಬಾರದು. ಕೆಲವರಿಗೆ ಎರಡೂ ಒಟ್ಟಿಗೆ ಇರುವುದೂ ಉಂಟು.

ಟೆಂಡನ್ ಮೂಳೆಗೆ ಒತ್ತಿಕೊಳ್ಳದಂತೆ ನೋಡಿಕೊಳ್ಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ನೋವಿಲ್ಲದ ಮಗ್ಗುಲಿಗೆ ಮಲಗಿದಾಗಲೂ ಮೇಲಿನ ಕಾಲು ಮುಂದಕ್ಕೆ ಜಾರಿದರೆ ಟೆಂಡನ್ ಎಳೆಯುತ್ತದೆ, ಆದ್ದರಿಂದ ಮಂಡಿಗಳ ನಡುವೆ ದಿಂಬು ಇಡಿ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಕೊಟ್ಟು ಸೊಂಟ ವಾಲಿಸಿ ನಿಲ್ಲುವುದು ಬೇಡ. ಮಂಡಿಯನ್ನು ಎದೆಯತ್ತ ಅಡ್ಡಕ್ಕೆ ಎಳೆಯುವ ಸ್ಟ್ರೆಚಿಂಗ್ ಕೂಡ ನೋವು ಹೆಚ್ಚಿಸಬಹುದು. ನಂತರ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಪೃಷ್ಠದ ವ್ಯಾಯಾಮವನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋಗಬೇಕು. ಫಲ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ನೋವು ತಗ್ಗಿಸಬಹುದು. ಆದರೆ 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಸಲಹೆ ಮತ್ತು ವ್ಯಾಯಾಮ ಪಡೆದವರಲ್ಲಿ ಸುಧಾರಣೆ ಕಂಡವರು ಇಂಜೆಕ್ಷನ್ ಪಡೆದವರಿಗಿಂತ ಹೆಚ್ಚಿದ್ದರು.

ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಕಾಯದೆ ವೈದ್ಯರನ್ನು ಕಾಣಿ. ನೋವು ಮಂಡಿ ದಾಟಿ ಪಾದದವರೆಗೆ ಜುಮ್ಮೆನ್ನುತ್ತಾ ಇಳಿದರೆ ಬೆನ್ನಿನ ನರವನ್ನೂ ಪರೀಕ್ಷಿಸಬೇಕಾಗುತ್ತದೆ.