‘25 ವರ್ಷದವರೆಗೆ ಮೆದುಳು ಬೆಳೆಯುವುದಿಲ್ಲ, ಮಕ್ಕಳಿಗೆ ಅಪಾಯ ತಿಳಿಯುವುದಿಲ್ಲ’ ಎಂಬುದು ನಿಜವೇ?

ಪೋಷಕರ ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಇಂಥದೊಂದು ಸಂದೇಶ ಬರುತ್ತದೆ: “ಮನುಷ್ಯನ ಮೆದುಳು ಪೂರ್ತಿ ಬೆಳೆಯುವುದು 25ನೇ ವಯಸ್ಸಿಗೆ. ಅಲ್ಲಿಯವರೆಗೆ ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವುದಿಲ್ಲ. ಶಾಲೆಗಳು ಕಠಿಣ ಶಿಕ್ಷೆ ಕೊಡಲೇಬೇಕು.” ಇದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ನಂಬಿ ಶಾಲೆಯ ನಿಯಮ ಮಾಡಿದರೆ ಅದು ತಿರುಗುಬಾಣವಾಗಬಹುದು.

ಮೆದುಳಿನಲ್ಲಿ ನಿಜವಾಗಿ ಆಗುವುದೇನು?

ಹದಿಹರೆಯದಲ್ಲಿ ಮೆದುಳಿನ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಖುಷಿ, ಮೆಚ್ಚುಗೆ, ಬಹುಮಾನಕ್ಕೆ ಸ್ಪಂದಿಸುವ ಒಳಭಾಗ (ವೆಂಟ್ರಲ್ ಸ್ಟ್ರಯೇಟಮ್) ಪ್ರೌಢಾವಸ್ಥೆ ಶುರುವಾಗುತ್ತಲೇ ಚುರುಕಾಗುತ್ತದೆ. ‘ಸ್ವಲ್ಪ ತಡಿ, ಯೋಚಿಸು’ ಎಂದು ಹಿಡಿದು ನಿಲ್ಲಿಸುವ ಹಣೆಯ ಹಿಂದಿನ ಭಾಗ (ಪ್ರಿಫ್ರಂಟಲ್ ಕಾರ್ಟೆಕ್ಸ್) ನಿಧಾನವಾಗಿ, ಇಪ್ಪತ್ತರ ನಂತರವೂ ಬದಲಾಗುತ್ತಾ ಹೋಗುತ್ತದೆ. ಆದರೆ 25ನೇ ಹುಟ್ಟುಹಬ್ಬದಂದು ಕೆಲಸ ಮುಗಿಯಿತು ಎನ್ನುವಂಥ ಗೆರೆ ಎಲ್ಲೂ ಇಲ್ಲ.

ಇನ್ನೊಂದು ಮುಖ್ಯ ಸಂಗತಿಯನ್ನು ಆ ಸಂದೇಶ ಹೇಳುವುದೇ ಇಲ್ಲ. ಶಾಂತವಾಗಿ ಕುಳಿತು ಯೋಚಿಸುವ ಅವಕಾಶ ಸಿಕ್ಕಾಗ, ಸುಮಾರು 16 ವರ್ಷದವರ ತರ್ಕಶಕ್ತಿ ದೊಡ್ಡವರಿಗಿಂತ ಹೆಚ್ಚೇನೂ ಕಡಿಮೆ ಇರುವುದಿಲ್ಲ. ಅಪಾಯ ಅವರಿಗೆ ಗೊತ್ತಿರುತ್ತದೆ. ಗೆಳೆಯರು ನೋಡುತ್ತಿರುವಾಗ ಆ ತಿಳಿವಳಿಕೆ ಕೈಕೊಡುತ್ತದೆ.

ಹಳದಿ ದೀಪದ ಆಟ

ಇದನ್ನು ಸ್ಪಷ್ಟವಾಗಿ ತೋರಿಸಿದ್ದು 2005ರಲ್ಲಿ ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಅಧ್ಯಯನ. ಅದರಲ್ಲಿ 306 ಜನ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿದರು. ಹಳದಿ ದೀಪ ಬಿದ್ದ ಮೇಲೆ ಕಾರು ಎಷ್ಟು ಮುಂದೆ ಹೋದರೆ ಅಷ್ಟು ಅಂಕ. ಆದರೆ ಕೆಂಪು ದೀಪ ಬೀಳುವುದರೊಳಗೆ ನಿಲ್ಲಿಸದಿದ್ದರೆ ಡಿಕ್ಕಿ, ಅಂಕ ನಷ್ಟ. ಕೆಲವರು ಒಬ್ಬರೇ ಆಡಿದರು, ಕೆಲವರು ತಮ್ಮದೇ ವಯಸ್ಸಿನ ಇಬ್ಬರ ಜೊತೆ ಆಡಿದರು.

24 ದಾಟಿದವರಿಗೆ ಜೊತೆಯಲ್ಲಿ ಯಾರಿದ್ದರೂ ವ್ಯತ್ಯಾಸವಾಗಲಿಲ್ಲ. 13ರಿಂದ 16 ವರ್ಷದವರು ಮಾತ್ರ ಗೆಳೆಯರಿದ್ದಾಗ, ಒಬ್ಬರೇ ಇದ್ದಾಗಿಗಿಂತ ಸುಮಾರು ಎರಡು ಪಟ್ಟು ಅಪಾಯ ಎಳೆದುಕೊಂಡರು. 2011ರಲ್ಲಿ ಇಂಥದೇ ಆಟವನ್ನು ಮೆದುಳಿನ ಸ್ಕ್ಯಾನ್ ಮಾಡುತ್ತಾ ಆಡಿಸಲಾಯಿತು. ಪಕ್ಕದ ಕೋಣೆಯಿಂದ ಗೆಳೆಯರು ನೋಡುತ್ತಿದ್ದಾರೆ ಎಂದು ಗೊತ್ತಾದಾಗ, ಹದಿಹರೆಯದವರಲ್ಲಿ ಬಹುಮಾನಕ್ಕೆ ಸ್ಪಂದಿಸುವ ಭಾಗ ಹೆಚ್ಚು ಚುರುಕಾಯಿತು. ಯಾರೂ ‘ಮಾಡು’ ಎಂದು ಒತ್ತಾಯಿಸಬೇಕಾಗಿಯೇ ಇಲ್ಲ, ನೋಡುತ್ತಿದ್ದರೆ ಸಾಕು.

ಇವಕ್ಕೆ ಮಿತಿಗಳೂ ಇವೆ. ಸ್ಕ್ಯಾನ್ ಮಾಡಿಸಿಕೊಂಡವರು ಒಟ್ಟು 40 ಜನ ಮಾತ್ರ. ಎರಡೂ ಅಮೆರಿಕದ ಪ್ರಯೋಗಾಲಯದ ಆಟಗಳು, ನಮ್ಮ ರಸ್ತೆಗಳಲ್ಲ. ಇವು ಸರಾಸರಿ ಹೇಳುತ್ತವೆ, ನಿಮ್ಮ ಮನೆಯ ಮಗ ಅಥವಾ ಮಗಳ ಬಗ್ಗೆ ಭವಿಷ್ಯ ಹೇಳುವುದಿಲ್ಲ.

ನಮ್ಮೂರಿಗೆ ಹೊಂದಿಸಿ ನೋಡೋಣ

ಗದಗ ತಾಲ್ಲೂಕಿನ ಹರ್ತಿಯಂಥ ಊರಿನ ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಲೈಸೆನ್ಸ್ ಇಲ್ಲದೆ ಬೈಕ್ ಓಡಿಸಬಾರದೆಂದು ಅವನಿಗೆ ಗೊತ್ತು. ಸಿಕ್ಕಿಬಿದ್ದರೆ ಅಪ್ಪನಿಗೆ ತೊಂದರೆ ಎಂದೂ ಗೊತ್ತು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಪರೀಕ್ಷೆಯಲ್ಲಿ ಕೇಳಿದರೆ ಸರಿಯಾಗಿಯೇ ಬರೆಯುತ್ತಾನೆ.

ಶಾಲೆ ಬಿಟ್ಟ ಮೇಲೆ ಗೇಟಿನ ಹೊರಗೆ ಒಬ್ಬ ಗೆಳೆಯ ಅಣ್ಣನ ಬೈಕ್ ತಂದಿದ್ದಾನೆ. ನಾಲ್ವರು ಸುತ್ತ ನಿಂತಿದ್ದಾರೆ. “ಏನಲೇ, ಅಂಜಿದೇನ?” ಎಂದು ಒಬ್ಬ ನಗುತ್ತಾನೆ. ಈಗ ಅವನ ಮುಂದಿರುವ ಲೆಕ್ಕ ಬೇರೆ. ಅಪಘಾತ ಆಗಬಹುದು, ಆಗದೇ ಇರಬಹುದು. ಹಿಂದೆ ಸರಿದರೆ ಮರ್ಯಾದೆ ಹೋಗುವುದಂತೂ ಈಗಲೇ, ಖಚಿತ. ಕಾನೂನಿನ ಪಾಠ ಇನ್ನೊಮ್ಮೆ ಹೇಳಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಶಾಲೆಯ ನಿಯಮ ಹೇಗಿರಬೇಕು?

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ದಿಢೀರ್ ಬ್ಯಾಗ್ ತಪಾಸಣೆ ನಡೆದದ್ದು ನೆನಪಿರಬಹುದು. ಮಕ್ಕಳು ಮೊಬೈಲ್ ತರುತ್ತಾರೆಂಬ ದೂರಿನಿಂದ ಶುರುವಾದ ತಪಾಸಣೆಯಲ್ಲಿ ಸಿಗರೇಟ್, ಲೈಟರ್, ವೈಟ್ನರ್, ಕಾಂಡೋಮ್ ಕೂಡ ಸಿಕ್ಕವೆಂದು ಸುದ್ದಿಯಾಯಿತು. ಪೋಷಕರ ಸಭೆ ಕರೆದು ಆಪ್ತಸಮಾಲೋಚನೆಗೆ ಸೂಚಿಸಿದ ಶಾಲೆಗಳೂ ಇದ್ದವು. ತಪಾಸಣೆಯಿಂದ ಚೀಲದಲ್ಲಿ ಏನಿದೆ ಎಂದು ತಿಳಿಯುತ್ತದೆ, ಆದರೆ ಅದು ಯಾರ ಮುಂದೆ, ಯಾವ ಹೊತ್ತಿನಲ್ಲಿ ಹೊರಬರುತ್ತದೆ ಎಂದು ತಿಳಿಯುವುದಿಲ್ಲ. ಮೇಲಿನ ಅಧ್ಯಯನಗಳ ಪ್ರಕಾರ ತೂಕವಿರುವುದು ಈ ಎರಡನೆಯದಕ್ಕೆ. ಅದರಿಂದ ಮೂರು ಮಾತು ಹೊರಡುತ್ತವೆ.

*ಎಲ್ಲರೆದುರು ಬೈಯಬೇಡಿ.* ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಬೈದರೆ ಆ ಹುಡುಗನಿಗೆ ಮತ್ತೆ ಪ್ರೇಕ್ಷಕರು ಸಿಕ್ಕಂತಾಯಿತು. ತಲೆ ತಗ್ಗಿಸುವುದೋ, ಹೀರೋ ಆಗುವುದೋ ಎಂಬ ಆಯ್ಕೆ ಅವನ ಮುಂದೆ ಬರುತ್ತದೆ. ಅದೇ ಮಾತನ್ನು ಮರುದಿನ, ಅವನೊಬ್ಬನೇ ಇರುವಾಗ ಕೇಳಿದರೆ ಯೋಚಿಸುವ ಮೆದುಳಿನ ಜೊತೆ ಮಾತಾಡಿದಂತೆ. ಮಕ್ಕಳಿಗೆ ಹೊಡೆಯುವುದನ್ನು, ಮಾನಸಿಕ ಕಿರುಕುಳ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಎಂಬುದೂ ನೆನಪಿರಲಿ.

*‘ಇಲ್ಲ’ ಎನ್ನಲು ನೆಪ ಕೊಡಿ.* ‘ಕೆಟ್ಟ ಗೆಳೆಯರ ಸಹವಾಸ ಮಾಡಬಾರದು’ ಎಂಬ ನಿಯಮ ಮಗುವಿಗೆ ಆ ಗಳಿಗೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ‘ಬೈಕ್ ಬಳಿ ಕಂಡವರ ಮನೆಗೆ ಅದೇ ಸಂಜೆ ಫೋನ್ ಹೋಗುತ್ತದೆ, ಯಾರಿಗೂ ವಿನಾಯಿತಿ ಇಲ್ಲ’ ಎಂಬ ನಿಯಮ ಬರುತ್ತದೆ. “ಸರ್ ಮನಿಗೆ ಫೋನ್ ಮಾಡ್ತಾರಲೇ, ಬ್ಯಾಡ” ಎಂದರೆ ಅಂಜುಬುರುಕ ಎನಿಸಿಕೊಳ್ಳದೆ ಜಾರಿಕೊಳ್ಳಬಹುದು.

*ಗುಂಪಿನ ಹತ್ತಿರ ಸ್ವಲ್ಪ ದೊಡ್ಡವರಿರಲಿ.* 2016ರ ಒಂದು ಪ್ರಯೋಗದಲ್ಲಿ 18ರಿಂದ 22ರ ಯುವಕರ ಗುಂಪಿಗೆ 25ರಿಂದ 30 ವರ್ಷದ ಒಬ್ಬನನ್ನು ಸೇರಿಸಿದಾಗ, ಗುಂಪಿನಿಂದ ಹೆಚ್ಚುತ್ತಿದ್ದ ಅಪಾಯದ ಒಲವು ಒಬ್ಬರೇ ಇದ್ದಾಗಿನ ಮಟ್ಟಕ್ಕೆ ಇಳಿಯಿತು. ಅವರು ಶಾಲಾ ಮಕ್ಕಳಲ್ಲ, ಆದ್ದರಿಂದ ಇದು ಸೂಚನೆಯಷ್ಟೇ. ಆದರೂ ಶಾಲೆ ಬಿಟ್ಟ ನಂತರದ ಹತ್ತು ಹದಿನೈದು ನಿಮಿಷ ಒಬ್ಬ ಯುವ ಶಿಕ್ಷಕ ಗೇಟಿನ ಬಳಿ ನಿಲ್ಲುವುದಕ್ಕೆ ಖರ್ಚೇನೂ ಇಲ್ಲ.

ಭಾರತದಲ್ಲಿ ಪ್ರಯತ್ನಿಸಿದವರಿದ್ದಾರೆಯೇ?

ಇದ್ದಾರೆ. ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದ ‘ಸೆಹರ್’ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ದೂರು ಪೆಟ್ಟಿಗೆ, ಗೋಡೆ ಪತ್ರಿಕೆ, ಮಕ್ಕಳ ಗುಂಪು, ಖಾಸಗಿ ಮಾತುಕತೆ ಇವೇ ಅದರ ಚಟುವಟಿಕೆಗಳು. ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ನಡೆಸಿದರು. ಅಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಕೀಟಲೆ ಮತ್ತು ಹಿಂಸೆ ಕಡಿಮೆಯಾಯಿತು. ಇದೇ ಚಟುವಟಿಕೆಗಳನ್ನು ಶಿಕ್ಷಕರೇ ನಡೆಸಿದ ಶಾಲೆಗಳಲ್ಲಿ ಪರಿಣಾಮ ಕಾಣಲಿಲ್ಲ. ಅಂದರೆ ಪೆಟ್ಟಿಗೆ ತೂಗುಹಾಕಿದರೆ ಸಾಲದು, ಮಕ್ಕಳ ಮಾತು ಕೇಳಲು ಸಮಯವಿರುವ ಒಬ್ಬರು ಬೇಕು.

ನಿಯಮ ಕೆಲಸ ಮಾಡುತ್ತಿಲ್ಲ ಎಂದು ತಿಳಿಯುವುದು ಹೇಗೆ? ಗೇಟಿನ ಬಳಿ ನಡೆಯುತ್ತಿದ್ದದ್ದು ಬಸ್ ಸ್ಟ್ಯಾಂಡಿಗೋ ಕೆರೆಯ ಕಡೆಗೋ ಸ್ಥಳ ಬದಲಿಸಿದರೆ, ಅಥವಾ ಮಕ್ಕಳು ದೂರು ಹೇಳುವುದನ್ನೇ ನಿಲ್ಲಿಸಿದರೆ, ಅವರು ಅಡಗಿಕೊಳ್ಳಲು ಮಾತ್ರ ಕಲಿತಿದ್ದಾರೆ ಎಂದರ್ಥ.

ತೀರ್ಮಾನ: ಸಂದೇಶ ಅರ್ಧ ಸತ್ಯ. ಹದಿಹರೆಯದ ಮೆದುಳು ಇನ್ನೂ ಬದಲಾಗುತ್ತಿರುತ್ತದೆ ಎಂಬುದು ನಿಜ. ‘ಅವರಿಗೆ ಅಪಾಯ ತಿಳಿಯುವುದಿಲ್ಲ, ಆದ್ದರಿಂದ ಕಠಿಣ ಶಿಕ್ಷೆಯೇ ದಾರಿ’ ಎಂಬುದು ತಪ್ಪು. ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಹರ್ತಿಯ ಆ ಹುಡುಗನ ಸುತ್ತ ನಿಂತಿದ್ದ ನಾಲ್ವರನ್ನು ನೆನಪಿಸಿಕೊಳ್ಳಿ.